ನೋಟಿಸ್ ಅರವತ್ತು ದಿನ, ಶಾಲೆ ಶುರು ಜೂನ್ ಒಂದಕ್ಕೆ

ಹೊಸ ಕೆಲಸ ಕರೆಯುತ್ತಿದೆ, ಹಳೆಯ ಕೆಲಸ ಬಿಡುತ್ತಿಲ್ಲ. ಕಾಸರಗೋಡಿನಿಂದ ದಿನವೂ ಮಂಗಳೂರಿಗೆ ಹೋಗಿಬರುವ ನೂರಾರು ಯುವಕ ಯುವತಿಯರಿಗೆ ಮೇ ತಿಂಗಳಲ್ಲಿ ಎದುರಾಗುವ ಇಕ್ಕಟ್ಟು ಇದು. ಬಿಡಿಸಿಕೊಳ್ಳಲು ಬೇಕಾದದ್ದು ಹತ್ತು ಸಾಲಿನ ಒಂದು ಇ-ಮೇಲ್. ಅದರಲ್ಲಿ ದಿನಾಂಕ, ಕೆಲಸ, ಹಣ ಮೂರೂ ಇರಬೇಕು.

ಬೆಳಗಿನ ರೈಲಿಗೆ ಮಂಜೇಶ್ವರ ನಿಲ್ದಾಣದಲ್ಲಿ ಆಗಲೇ ಜನ ತುಂಬಿದ್ದಾರೆ. ಆಸ್ಪತ್ರೆಯ ನರ್ಸುಗಳು, ಬಟ್ಟೆ ಅಂಗಡಿಯ ಹುಡುಗರು, ಲೆಕ್ಕಪತ್ರದ ಕಚೇರಿಗಳ ಹುಡುಗಿಯರು, ಕುತ್ತಿಗೆಗೆ ಗುರುತಿನ ಚೀಟಿ ಹಾಕಿಕೊಂಡ ಸಾಫ್ಟ್‌ವೇರ್ ಮಂದಿ. ಹೆಚ್ಚಿನವರು ಇಳಿಯುವುದು ಮಂಗಳೂರು ಸೆಂಟ್ರಲ್‌ನಲ್ಲಿ. ಸಂಜೆ ಅದೇ ದಾರಿಯಲ್ಲಿ ವಾಪಸು.

ಬಿಸು ಕಳೆದು ಮಳೆ ಹತ್ತಿರವಾಗುವ ಈ ದಿನಗಳಲ್ಲಿ ಇವರ ಮಾತಿನಲ್ಲಿ ಒಂದು ಹೊಸ ವಿಷಯ ಸೇರಿಕೊಳ್ಳುತ್ತದೆ. ‘ನಿನಗೆ ಅಡ್ವೈಸ್ ಬಂತಾ?’

ಅಡ್ವೈಸ್ ಎಂದರೆ ಕೇರಳ ಲೋಕಸೇವಾ ಆಯೋಗದ ಶಿಫಾರಸು ಪತ್ರ. ಕಾಸರಗೋಡು ಜಿಲ್ಲೆಯಲ್ಲಿ ಕನ್ನಡ ಮಾಧ್ಯಮದ ಶಾಲೆಗಳಿಗೆ ಶಿಕ್ಷಕರನ್ನು ಪಿಎಸ್‌ಸಿ ಬೇರೆಯಾಗಿಯೇ ಆಯ್ಕೆ ಮಾಡುತ್ತದೆ. ಪರೀಕ್ಷೆ ಬರೆದು, ರ್‍ಯಾಂಕ್ ಪಟ್ಟಿಯಲ್ಲಿ ಹೆಸರು ಬಂದು, ಸರದಿಗಾಗಿ ಕಾಯುವ ಹೊತ್ತಿಗೆ ವರ್ಷಗಳೇ ಕಳೆದಿರುತ್ತವೆ. ಕಾಯುವಷ್ಟು ದಿನ ಮಂಗಳೂರಿನ ಖಾಸಗಿ ಕೆಲಸವೇ ಅನ್ನ ಕೊಡುತ್ತದೆ. ಹಲವರಿಗೆ ಒಂದು ದಿನ ಸರದಿ ಬರುತ್ತದೆ. ನೇಮಕಾತಿ ಆದೇಶದಲ್ಲಿ ಹಾಜರಾಗಬೇಕಾದ ಗಡುವು ಇರುತ್ತದೆ, ಕಂಪನಿಯ ನೇಮಕಾತಿ ಪತ್ರದಲ್ಲಿ ಅರವತ್ತೋ ತೊಂಬತ್ತೋ ದಿನದ ನೋಟಿಸ್ ಇರುತ್ತದೆ. ಎರಡೂ ತಾಳೆಯಾಗುವುದಿಲ್ಲ.

ಗಲ್ಫ್‌ಗೆ ಹೊರಟ ನರ್ಸಿಗೂ, ಬೆಂಗಳೂರಿನ ಕಂಪನಿಗೆ ಆಯ್ಕೆಯಾದ ಎಂಜಿನಿಯರಿಗೂ ಇದೇ ತೊಡಕು. ಆದರೆ ಪಿಎಸ್‌ಸಿ ನೇಮಕಾತಿಯಲ್ಲಿ ಅದು ಹೆಚ್ಚು ಬಿಗಿ. ಖಾಸಗಿ ಕಂಪನಿಯ ಎಚ್‌ಆರ್‌ಗೆ ಫೋನ್ ಮಾಡಿ ‘ಇನ್ನೆರಡು ವಾರ ಕೊಡಿ’ ಎಂದು ಕೇಳಬಹುದು. ಶಿಕ್ಷಣ ಉಪನಿರ್ದೇಶಕರ ಕಚೇರಿಗೆ ಹಾಗೆ ಕೇಳಲಾಗದು, ಅಲ್ಲಿ ಲಿಖಿತ ಅರ್ಜಿಯೇ ಬೇಕು. ಅದಕ್ಕೇ ಈ ಲೇಖನಕ್ಕೆ ಅದೇ ಪ್ರಸಂಗ.

ಕಟ್ಟಿಹಾಕುವುದು ಯಾವುದು?

ನೌಕರಿ ಬಿಡುವಾಗ ಇಷ್ಟು ದಿನ ಮೊದಲೇ ತಿಳಿಸಬೇಕೆಂಬ ಕರಾರು ಬರುವುದು ಹೆಚ್ಚಾಗಿ ನಾವೇ ಸಹಿ ಹಾಕಿದ ನೇಮಕಾತಿ ಪತ್ರದಿಂದ. ಕರ್ನಾಟಕದ 1961ರ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆಯಾಗಲಿ, ಕೇರಳದ 1960ರ ಅದೇ ಬಗೆಯ ಕಾಯ್ದೆಯಾಗಲಿ ಒಂದು ತಿಂಗಳ ನೋಟಿಸಿನ ಮಾತಾಡುವುದು ಮಾಲೀಕ ನೌಕರನನ್ನು ತೆಗೆಯುವ ಸಂದರ್ಭಕ್ಕೆ. ತೊಂಬತ್ತು ದಿನ ಕೂರಲೇಬೇಕೆಂದು ನೌಕರನಿಗೆ ಹೇಳುವುದು ಆ ಪತ್ರದ ಒಂದು ಕಲಮು.

ಹಾಗಾಗಿ ಮೊದಲ ಕೆಲಸ ಆ ಕಲಮನ್ನು ಹುಡುಕಿ ಓದುವುದು. ಅದು ಸಾಮಾನ್ಯವಾಗಿ ಎರಡು ಬಗೆಯಲ್ಲಿರುತ್ತದೆ. ಮೊದಲನೆಯದು: ಅರವತ್ತು ದಿನದ ನೋಟಿಸ್ ಕೊಡಬೇಕು ಅಥವಾ ಅಷ್ಟು ದಿನದ ಸಂಬಳ ಕಟ್ಟಬೇಕು. ಇಲ್ಲಿ ಹಣ ಕಟ್ಟಿ ಹೊರಡುವ ಆಯ್ಕೆ ನಮ್ಮ ಕೈಯಲ್ಲಿದೆ. ಎರಡನೆಯದು: ನೋಟಿಸ್ ಅವಧಿ ಕಡಿಮೆ ಮಾಡುವುದು ಸಂಸ್ಥೆಯ ವಿವೇಚನೆಗೆ ಬಿಟ್ಟದ್ದು. ಇಲ್ಲಿ ಹಣ ಕಟ್ಟುತ್ತೇನೆಂದರೂ ಅವರ ಒಪ್ಪಿಗೆ ಬೇಕು. ಮೊದಲ ಬಗೆಯಾದರೆ ಇ-ಮೇಲಿನಲ್ಲಿ ತಿಳಿಸುತ್ತೇವೆ, ಎರಡನೆಯ ಬಗೆಯಾದರೆ ವಿನಂತಿಸುತ್ತೇವೆ. ಇದನ್ನು ನೋಡದೆ ಬರೆದ ಪತ್ರ ಅರ್ಧಕ್ಕೇ ಸೋಲುತ್ತದೆ.

ಒಪ್ಪಿಗೆ ಕೊಡದಿದ್ದರೆ ಹಿಡಿದು ಕೂರಿಸುತ್ತಾರೆಯೇ? ಇಲ್ಲ. ವೈಯಕ್ತಿಕ ಸೇವೆಯ ಕರಾರನ್ನು ನ್ಯಾಯಾಲಯ ಬಲವಂತವಾಗಿ ಪಾಲಿಸುವಂತೆ ಮಾಡುವುದಿಲ್ಲ. 1963ರ ನಿರ್ದಿಷ್ಟ ಪರಿಹಾರ ಕಾಯ್ದೆಯ ದಾರಿ ಅದು. ಆದರೆ ಸಂಬಳ ಕಡಿತ ಮಾಡಬಹುದು, ನಷ್ಟ ಕೇಳಬಹುದು, ರಿಲೀವಿಂಗ್ ಪತ್ರಕ್ಕೆ ಸತಾಯಿಸಬಹುದು. ಹೇಳದೆ ಕೇಳದೆ ಬಿಟ್ಟುಹೋದರೆ ‘ಕೆಲಸ ತೊರೆದು ಹೋದವರು’ ಎಂದು ದಾಖಲೆಯಲ್ಲಿ ಬರೆದುಕೊಳ್ಳಬಹುದು. ಮುಂದೆಂದಾದರೂ ಮತ್ತೆ ಖಾಸಗಿ ಕೆಲಸಕ್ಕೆ ಹೋದರೆ ಆ ಒಂದು ಸಾಲು ಎದುರು ಬಂದು ನಿಲ್ಲುತ್ತದೆ.

> ವಿಜಯಾ ಬ್ಯಾಂಕ್ ಪ್ರಕರಣ ಹೇಳುವುದೇನು?
>
> 1931ರಲ್ಲಿ ಮಂಗಳೂರಿನಲ್ಲಿ ಹುಟ್ಟಿದ ವಿಜಯಾ ಬ್ಯಾಂಕ್ 2019ರಲ್ಲಿ ಬ್ಯಾಂಕ್ ಆಫ್ ಬರೋಡಾದಲ್ಲಿ ವಿಲೀನವಾಯಿತು. ಅದರ ಒಬ್ಬ ಹಿರಿಯ ವ್ಯವಸ್ಥಾಪಕರು 2007ರಲ್ಲಿ ಸೇರುವಾಗ, ಮೂರು ವರ್ಷದೊಳಗೆ ಬಿಟ್ಟರೆ 2 ಲಕ್ಷ ರೂಪಾಯಿ ಕಟ್ಟುವ ಕರಾರಿಗೆ ಒಪ್ಪಿದ್ದರು. 2009ರಲ್ಲಿ ಬೇರೆ ಬ್ಯಾಂಕಿಗೆ ಹೊರಟಾಗ ಆಕ್ಷೇಪ ದಾಖಲಿಸಿಯೇ ಹಣ ಕಟ್ಟಿದರು, ಆಮೇಲೆ ನ್ಯಾಯಾಲಯಕ್ಕೆ ಹೋದರು. ಕರ್ನಾಟಕ ಹೈಕೋರ್ಟ್ ಅವರ ಪರ ನಿಂತಿತು. 2025ರ ಮೇ 14ರಂದು ಸುಪ್ರೀಂ ಕೋರ್ಟ್ ಆ ತೀರ್ಪನ್ನು ತಿರುವಿ, ಕರಾರು ಊರ್ಜಿತ ಎಂದಿತು. ಹೊಸಬರನ್ನು ಹುಡುಕಲು ಬ್ಯಾಂಕಿಗೆ ಖರ್ಚಿದೆ, ಅವರ ಹುದ್ದೆ ಮತ್ತು ಸಂಬಳಕ್ಕೆ ಆ ಮೊತ್ತ ಅತಿಯಲ್ಲ ಎಂಬುದು ನ್ಯಾಯಾಲಯದ ನೋಟ. ಇದು ಕನಿಷ್ಠ ಸೇವಾವಧಿಯ ಕರಾರಿನ ಪ್ರಕರಣ, ನೋಟಿಸಿನದಲ್ಲ. ಆದರೂ ಪಾಠ ಇಲ್ಲಿಗೂ ಸಲ್ಲುತ್ತದೆ: ಹೋಗುವುದನ್ನು ತಡೆಯಲಾಗದು, ಒಪ್ಪಿಕೊಂಡ ನ್ಯಾಯವಾದ ಹಣವನ್ನು ಕೇಳಬಹುದು. ನೇಮಕಾತಿ ಪತ್ರದ ಜತೆ ಇಂಥ ಬಾಂಡ್ ಏನಾದರೂ ಇದೆಯೇ ನೋಡಿಕೊಳ್ಳಿ.

ಲೆಕ್ಕ ಮೊದಲು, ಪತ್ರ ಆಮೇಲೆ

ಒಂದು ಪ್ರಸಂಗವನ್ನು ಕಟ್ಟಿಕೊಂಡು ನೋಡೋಣ. ಮಂಜೇಶ್ವರದ ಕಡೆಯ ಒಬ್ಬಾಕೆ ಮಂಗಳೂರಿನ ಲೆಕ್ಕಪತ್ರ ಸಂಸ್ಥೆಯೊಂದರಲ್ಲಿದ್ದಾರೆ. ಒಟ್ಟು ಸಂಬಳ 30,000 ರೂಪಾಯಿ, ಅದರಲ್ಲಿ ಮೂಲ ವೇತನ 18,000. ನೋಟಿಸ್ 60 ದಿನ. ಕನ್ನಡ ಮಾಧ್ಯಮದ ಕಿರಿಯ ಪ್ರಾಥಮಿಕ ಶಾಲೆಯ ಶಿಕ್ಷಕಿಯಾಗಿ ನೇಮಕಾತಿ ಆದೇಶ ಕೈಗೆ ಬಂದಿದೆ. ಜೂನ್ 1ಕ್ಕೆ ಶಾಲೆಯಲ್ಲಿರಬೇಕು.

ಮೇ 4ಕ್ಕೆ ರಾಜೀನಾಮೆ ಕೊಟ್ಟರೆ, ಅಂದಿನಿಂದಲೇ ಎಣಿಸಿದಾಗ 60ನೇ ದಿನ ಜುಲೈ 2. ಆಕೆಗೆ ಬೇಕಿರುವುದು ಮೇ 30ರ ಬಿಡುಗಡೆ. ಅಷ್ಟರಲ್ಲಿ ಆಗುವುದು 27 ದಿನ, ಕೊರತೆ 33 ದಿನ.

ಈ 33 ದಿನ ತುಂಬಲು ಎರಡು ಮೂಲಗಳಿವೆ. ಖಾತೆಯಲ್ಲಿ 13 ದಿನದ ಗಳಿಕೆ ರಜೆ ಇದೆ ಎಂದುಕೊಳ್ಳಿ. ಸಂಸ್ಥೆಯ ರಜೆ ನಿಯಮ ಒಪ್ಪಿದರೆ ಅದನ್ನು ಕೊರತೆಗೆ ಹೊಂದಿಸಬಹುದು. ಆಗ ಉಳಿಯುವುದು 20 ದಿನ, ಅದಕ್ಕೆ ಹಣ. ಮೂಲ ವೇತನದ ಲೆಕ್ಕದಲ್ಲಿ ದಿನಕ್ಕೆ 600 ರೂಪಾಯಿಯಂತೆ 12,000. ಒಟ್ಟು ಸಂಬಳದ ಲೆಕ್ಕದಲ್ಲಿ ದಿನಕ್ಕೆ 1,000ದಂತೆ 20,000. ಒಂದೇ ಕೊರತೆಗೆ 8,000 ರೂಪಾಯಿಯ ಅಂತರ. ಯಾವ ಲೆಕ್ಕ ಎಂಬುದು ನೇಮಕಾತಿ ಪತ್ರದಲ್ಲೋ ಸಂಸ್ಥೆಯ ಎಚ್‌ಆರ್ ನಿಯಮದಲ್ಲೋ ಇರುತ್ತದೆ. ‘ಮೂಲ ವೇತನ’ ಎಂದಿದ್ದರೆ ಪತ್ರದಲ್ಲಿ ಅದನ್ನೇ ಎತ್ತಿ ಹೇಳಬೇಕು. ಹೇಳದಿದ್ದರೆ ಅಂತಿಮ ಲೆಕ್ಕದಲ್ಲಿ ದೊಡ್ಡ ಮೊತ್ತ ಕಡಿತವಾಗಿ ಬರುತ್ತದೆ, ಆಮೇಲೆ ಅದನ್ನು ಹಿಂದಕ್ಕೆ ತರಿಸುವುದು ಕಷ್ಟ.

ಇನ್ನೊಂದು ಲೆಕ್ಕವನ್ನು ಬಹಳ ಮಂದಿ ಮಾಡುವುದೇ ಇಲ್ಲ. ಅದು ಗ್ರ್ಯಾಚುಯಿಟಿ. ಕಾಯಂ ನೌಕರರಿಗೆ ಅದು ಸಿಗಲು ಐದು ವರ್ಷದ ನಿರಂತರ ಸೇವೆ ಬೇಕು. ನಮ್ಮ ಪ್ರಸಂಗದ ಆಕೆ ಐದು ವರ್ಷದ ಹಿಂದೆ ಜೂನ್ 20ರಂದು ಸೇರಿದ್ದರೆ, ಜುಲೈ 2ರ ತನಕ ಇದ್ದಾಗ ಐದು ವರ್ಷ ತುಂಬುತ್ತದೆ. ಮೇ 30ಕ್ಕೆ ಬಿಟ್ಟರೆ ತುಂಬುವುದಿಲ್ಲ. 18,000 ರೂಪಾಯಿ ಮೂಲ ವೇತನಕ್ಕೆ ವರ್ಷಕ್ಕೆ 15 ದಿನದಂತೆ, ತಿಂಗಳಿಗೆ 26 ದಿನವೆಂದು ಎಣಿಸಿ ಲೆಕ್ಕ ಹಾಕಿದರೆ ಐದು ವರ್ಷಕ್ಕೆ ಸುಮಾರು 51,900 ರೂಪಾಯಿ. ಐದನೇ ವರ್ಷದಲ್ಲಿ 240 ದಿನ ಆದರೆ ಸಾಕು ಎಂದು ಮದ್ರಾಸ್ ಹೈಕೋರ್ಟ್ ಹೇಳಿದ್ದುಂಟು. ಆದರೆ ಎಲ್ಲ ಸಂಸ್ಥೆಗಳೂ ಅದನ್ನು ಕೇಳಿದೊಡನೆ ಒಪ್ಪಿ ಕೊಡುವುದಿಲ್ಲ. ಬೇಗ ಬಿಡಿ ಎಂದು ಕೇಳುವ ಮೊದಲು ಸೇರಿದ ತಾರೀಖನ್ನು ಒಮ್ಮೆ ನೋಡಿ, ಎಚ್‌ಆರ್ ಹತ್ತಿರ ಗ್ರ್ಯಾಚುಯಿಟಿಯ ನಿಲುವೇನೆಂದು ಕೇಳಿಕೊಳ್ಳುವುದು ಒಳ್ಳೆಯದು.

ಹತ್ತು ಸಾಲಿನ ಪತ್ರ

ಲೆಕ್ಕ ಕೈಯಲ್ಲಿದ್ದರೆ ಪತ್ರ ತಾನಾಗಿಯೇ ಚಿಕ್ಕದಾಗುತ್ತದೆ. ಉದ್ದ ಪತ್ರ ಬರೆಯುವವರು ಕಷ್ಟ ಹೇಳಿಕೊಳ್ಳಲು ಹೋಗುತ್ತಾರೆ. ಮನೆಯ ಪರಿಸ್ಥಿತಿ, ಎಷ್ಟು ವರ್ಷದ ಕನಸು, ಸಂಸ್ಥೆಯ ಮೇಲಿನ ಕೃತಜ್ಞತೆ ಎಲ್ಲ ಬರುತ್ತದೆ. ಓದುವ ಮ್ಯಾನೇಜರ್ ಹುಡುಕುವುದು ಬೇರೆಯದನ್ನೇ: ಯಾವತ್ತು ಹೋಗುತ್ತಾರೆ, ಇವರ ಕೆಲಸ ಯಾರ ತಲೆಗೆ ಬರುತ್ತದೆ, ಕೊರತೆಗೆ ಏನು ಮಾಡುವುದು? ಈ ಮೂರಕ್ಕೂ ಉತ್ತರ ಪತ್ರದಲ್ಲೇ ಇದ್ದರೆ ಅವರು ಅದನ್ನು ಹಾಗೆಯೇ ಎಚ್‌ಆರ್‌ಗೆ ದಾಟಿಸಿ ‘ನನ್ನ ಒಪ್ಪಿಗೆ ಇದೆ’ ಎನ್ನಬಹುದು. ಇಲ್ಲದಿದ್ದರೆ ಅವರೇ ಕೂತು ಯೋಚಿಸಬೇಕು, ಪತ್ರ ಪಕ್ಕಕ್ಕೆ ಹೋಗುತ್ತದೆ.

ಇ-ಮೇಲ್ ಕಳಿಸುವ ಮೊದಲು ಮ್ಯಾನೇಜರನ್ನು ಮುಖತಃ ಕಾಣಬೇಕು. ‘ಸರ್, ಪಿಎಸ್‌ಸಿಯಿಂದ ಆರ್ಡರ್ ಬಂದಿದೆ. ಮೇ 30ಕ್ಕೆ ಬಿಟ್ಟುಕೊಡಬಹುದಾ ಅಂತ ಕೇಳ್ಲಿಕ್ಕೆ ಬಂದೆ. ಎಲ್ಲ ವಿವರ ಮೇಲ್‌ನಲ್ಲಿ ಹಾಕ್ತೇನೆ’ ಎಂದಷ್ಟು ಹೇಳಿದರೂ ಸಾಕು. ಮೊದಲ ಸುದ್ದಿ ಪರದೆಯ ಮೇಲೆ ಓದಿದ ಮೇಲಧಿಕಾರಿಗೆ ಬೇಸರ ಬರುವುದು ಸಹಜ. ಪತ್ರ ಮ್ಯಾನೇಜರ್ ಹೆಸರಿಗೆ, ಪ್ರತಿ ಎಚ್‌ಆರ್‌ಗೆ. ನಮ್ಮ ಪ್ರಸಂಗದ ಪತ್ರ ಹೀಗಿರಬಹುದು. ಕಚೇರಿಯಲ್ಲಿ ಇಂಗ್ಲಿಷಿನಲ್ಲೇ ಬರೆಯಬೇಕಾದರೂ ವಿಷಯದ ಕ್ರಮ ಇದೇ.

> ವಿಷಯ: ಮೇ 30ರಂದು ಬಿಡುಗಡೆ ಕೋರಿ ವಿನಂತಿ
>
> ಮಾನ್ಯರೇ,
>
> ಮೇ 4ರಂದು ನಾನು ರಾಜೀನಾಮೆ ಸಲ್ಲಿಸಿದ್ದೇನೆ. ನೇಮಕಾತಿ ಪತ್ರದ ಪ್ರಕಾರ 60 ದಿನಗಳ ನೋಟಿಸ್ ಜುಲೈ 2ಕ್ಕೆ ಮುಗಿಯುತ್ತದೆ. ಕೇರಳ ಲೋಕಸೇವಾ ಆಯೋಗದ ಮೂಲಕ ಶಿಕ್ಷಕಿ ಹುದ್ದೆಗೆ ನೇಮಕಾತಿ ಆದೇಶ ಬಂದಿದ್ದು, ಜೂನ್ 1ರಂದು ಹಾಜರಾಗಬೇಕಿದೆ. ಆದ್ದರಿಂದ ಮೇ 30ರಂದು ನನ್ನನ್ನು ಬಿಡುಗಡೆ ಮಾಡಬೇಕೆಂದು ಕೋರುತ್ತೇನೆ.
>
> ಏಪ್ರಿಲ್ ತಿಂಗಳ ಲೆಕ್ಕಗಳನ್ನು ಮೇ 15ರೊಳಗೆ ಮುಗಿಸುತ್ತೇನೆ. ನನ್ನ ಬಳಿಯಿರುವ ಆರು ಗ್ರಾಹಕರ ಕಡತಗಳನ್ನು ಟಿಪ್ಪಣಿ ಸಹಿತ ಮೇ 22ರೊಳಗೆ ತಾವು ಸೂಚಿಸಿದವರಿಗೆ ಒಪ್ಪಿಸಿ, ಕೊನೆಯ ವಾರ ಅವರ ಜತೆಗಿದ್ದು ಕೆಲಸ ತೋರಿಸಿಕೊಡುತ್ತೇನೆ.
>
> ಕೊರತೆಯಾಗುವ 33 ದಿನಗಳಲ್ಲಿ 13 ದಿನವನ್ನು ನನ್ನ ಗಳಿಕೆ ರಜೆಗೆ ಹೊಂದಿಸಿ, ಉಳಿದ 20 ದಿನಕ್ಕೆ ನೇಮಕಾತಿ ಪತ್ರದಂತೆ ಮೂಲ ವೇತನದ ಲೆಕ್ಕದಲ್ಲಿ ಅಂತಿಮ ಪಾವತಿಯಿಂದ ಕಡಿತ ಮಾಡಿಕೊಳ್ಳಬಹುದು.
>
> ಮೇ 30 ನನ್ನ ಕೊನೆಯ ಕೆಲಸದ ದಿನವೆಂದು ಈ ಮೇಲ್‌ಗೆ ಉತ್ತರವಾಗಿ ದಯವಿಟ್ಟು ಖಚಿತಪಡಿಸಿ. ನೇಮಕಾತಿ ಆದೇಶದ ಪ್ರತಿ ಲಗತ್ತಿಸಿದ್ದೇನೆ.
>
> ವಂದನೆಗಳು.

ಇಲ್ಲಿ ‘ಆದಷ್ಟು ಬೇಗ’ ಎಂಬ ಮಾತಿಲ್ಲ, ತಾರೀಖಿದೆ. ‘ಕೆಲಸ ಒಪ್ಪಿಸಿಕೊಡುತ್ತೇನೆ’ ಎಂದು ತೇಲಿಸಿಲ್ಲ, ಯಾವ ಕೆಲಸ ಯಾವತ್ತಿನೊಳಗೆ ಎಂದಿದೆ. ಕೊನೆಯ ವಾರವನ್ನು ಹೊಸಬರಿಗೆ ಕಲಿಸಲು ಬಿಟ್ಟಿರುವುದೂ ಬೇಕೆಂದೇ. ಮ್ಯಾನೇಜರಿಗೆ ಭಯವಿರುವುದು ನೀವು ಹೋದ ಮರುದಿನ ಗ್ರಾಹಕರು ಫೋನ್ ಮಾಡಿದರೆ ಏನು ಹೇಳುವುದೆಂದು. ಆ ಭಯ ಇಳಿದರೆ ಒಪ್ಪಿಗೆ ಸಲೀಸು.

ರಾಜೀನಾಮೆಯನ್ನೂ ಬಿಡುಗಡೆಯ ವಿನಂತಿಯನ್ನೂ ಒಂದೇ ಪತ್ರದಲ್ಲಿ ಬೆರೆಸದಿರುವುದು ಲೇಸು. ‘ಮೇ 30ಕ್ಕೆ ಬಿಟ್ಟರೆ ರಾಜೀನಾಮೆ’ ಎಂಬ ಹಾಗೆ ಓದಿಸಿಕೊಂಡರೆ, ರಾಜೀನಾಮೆ ಯಾವತ್ತಿನಿಂದ ಎಂಬುದೇ ತಕರಾರಾಗುತ್ತದೆ. ರಾಜೀನಾಮೆ ಬೇರೆ, ಷರತ್ತಿಲ್ಲದ್ದು. ವಿನಂತಿ ಅದರ ಬೆನ್ನಿಗೆ.

> ಹಣ ಕಡಿತದ ಮೇಲೆ ಜಿಎಸ್‌ಟಿ ಇಲ್ಲ
>
> ಕೆಲವು ಸಂಸ್ಥೆಗಳು ನೋಟಿಸ್ ಕೊರತೆಯ ಹಣಕ್ಕೆ ಶೇ 18 ಜಿಎಸ್‌ಟಿ ಸೇರಿಸಿ ಕಡಿತ ಮಾಡುತ್ತಿದ್ದವು. 2022ರ ಆಗಸ್ಟ್ 3ರ ಸುತ್ತೋಲೆಯಲ್ಲಿ (ಸಂಖ್ಯೆ 178) ಕೇಂದ್ರ ಪರೋಕ್ಷ ತೆರಿಗೆ ಮಂಡಳಿ ಇದಕ್ಕೆ ತೆರೆ ಎಳೆಯಿತು. ಆ ಹಣ ಯಾವ ಸೇವೆಯ ಬೆಲೆಯೂ ಅಲ್ಲ, ತೆರಿಗೆ ಬೀಳುವುದಿಲ್ಲ. ಅಂತಿಮ ಲೆಕ್ಕದ ಹಾಳೆಯಲ್ಲಿ ಅಂಥ ಸಾಲು ಕಂಡರೆ ಸುತ್ತೋಲೆ ತೋರಿಸಿ ಕೇಳಬಹುದು.

ಎಡವುವುದು ಎಲ್ಲಿ?

ಪತ್ರ ಕಳಿಸಿದ ಮೇಲೆ ಹೆಚ್ಚಿನವರು ಎಡವುವುದು ಮೌನದಲ್ಲಿ. ‘ನೋಡೋಣ’ ಎನ್ನುತ್ತಾರೆ ಮ್ಯಾನೇಜರ್. ವಾರ ಕಳೆಯುತ್ತದೆ. ಉತ್ತರ ಬರಲಿಲ್ಲವೆಂದರೆ ಒಪ್ಪಿದ್ದಾರೆ ಎಂದು ಎಣಿಸಿ ಮೇ 30ಕ್ಕೆ ಮನೆಗೆ ಹೋದವರು, ಆಮೇಲೆ ಕೊರತೆಯ ದಿನಗಳ ಸಂಬಳ ಕಟ್ಟಿ ಎಂಬ ಪತ್ರ ನೋಡಿ ದಂಗಾಗುತ್ತಾರೆ. ಮೂರ್ನಾಲ್ಕು ಕೆಲಸದ ದಿನ ಕಾದು ಅದೇ ಮೇಲ್‌ನ ಕೆಳಗೆ ಒಂದು ಸಾಲು ನೆನಪಿಸಬೇಕು. ಬಾಯಿಮಾತಿನಲ್ಲಿ ಒಪ್ಪಿದರೆ ಅದೇ ಸಂಜೆ ಬರೆಯಬೇಕು: ‘ಇವತ್ತು ಮಾತಾಡಿದಂತೆ ಮೇ 30ಕ್ಕೆ ಬಿಡುಗಡೆಗೆ ಒಪ್ಪಿದ್ದಕ್ಕೆ ಧನ್ಯವಾದ. ಎಚ್‌ಆರ್ ದಾಖಲೆಯಲ್ಲೂ ಹಾಗೇ ನಮೂದಿಸಲು ಕೋರುತ್ತೇನೆ.’

ಎರಡನೆಯ ಹೊಂಡ ಕಂಪ್ಯೂಟರಿನಲ್ಲಿದೆ. ರಾಜೀನಾಮೆಯನ್ನು ಎಚ್‌ಆರ್ ಪೋರ್ಟಲ್‌ನಲ್ಲಿ ಹಾಕಿದ ಕೂಡಲೇ ಅದು ತಾನೇ ಅರವತ್ತು ದಿನ ಎಣಿಸಿ ಕೊನೆಯ ದಿನ ಜುಲೈ 2 ಎಂದು ತೋರಿಸುತ್ತದೆ. ಮೇಲ್‌ನಲ್ಲಿ ಒಪ್ಪಿಗೆ ಸಿಕ್ಕರೂ ಪೋರ್ಟಲ್‌ನಲ್ಲಿ ತಾರೀಖನ್ನು ಯಾರಾದರೂ ಬದಲಿಸಬೇಕು. ಬದಲಿಸದಿದ್ದರೆ ಜೂನ್ ತಿಂಗಳೆಲ್ಲ ನೀವು ಗೈರು. ಸಂಬಳದ ವಿಭಾಗ ನೋಡುವುದು ಮೇಲ್ ಅಲ್ಲ, ಪೋರ್ಟಲ್. ಬಿಡುವ ವಾರದ ಮೊದಲೇ ಅಲ್ಲಿ ಮೇ 30 ಎಂದು ಕಾಣುತ್ತಿದೆಯೇ ನೋಡಿ. ನಿಮ್ಮ ವಿನಂತಿ ಮತ್ತು ಅವರ ಒಪ್ಪಿಗೆಯ ಪ್ರತಿಯನ್ನು ಮುದ್ರಿಸಿ ಇಟ್ಟುಕೊಳ್ಳಿ. ಕೊನೆಯ ದಿನ ಸಂಜೆ ಕಚೇರಿಯ ಮೇಲ್ ಪೆಟ್ಟಿಗೆ ಮುಚ್ಚಿಹೋಗುತ್ತದೆ.

ಮೂರನೆಯದು ರಜೆ. ನೋಟಿಸ್ ಅವಧಿಯಲ್ಲಿ ರಜೆ ಹಾಕಿದರೆ ಅಷ್ಟು ದಿನ ನೋಟಿಸ್ ಮುಂದಕ್ಕೆ ಹೋಗುವ ನಿಯಮ ಹಲವು ಕಡೆ ಇದೆ. ದಾಖಲೆ ಪರಿಶೀಲನೆಗೆಂದು ಕಾಸರಗೋಡಿಗೆ ಹೋಗಿಬರಲು ಎರಡು ದಿನ ರಜೆ ಹಾಕುವ ಮೊದಲು ಅದನ್ನು ಕೇಳಿ ತಿಳಿದುಕೊಳ್ಳಬೇಕು.

ಒಪ್ಪದಿದ್ದರೆ?

ನೇರವಾಗಿ ‘ಆಗದು’ ಎಂದರೆ ಮಾತುಕತೆ ಅಲ್ಲಿಗೇ ಮುಗಿಯಿತೆಂದಲ್ಲ. ಯಾವುದಕ್ಕೆ ಆಗದು ಎಂದು ಕೇಳಬೇಕು. ತಾರೀಖಿಗೋ, ಒಂದು ನಿರ್ದಿಷ್ಟ ಕೆಲಸಕ್ಕೋ? ಒಬ್ಬ ಗ್ರಾಹಕರ ಲೆಕ್ಕವೊಂದೇ ತೊಡಕಾದರೆ, ಅದನ್ನು ಮೊದಲು ಮುಗಿಸಿ ತೋರಿಸುವ ಮಾತು ಕೊಡಬಹುದು. ಸೇರಲಿರುವುದು ಖಾಸಗಿ ಕಂಪನಿಯಾದರೆ ಕೊರತೆಯ ಹಣವನ್ನು ಅವರೇ ಕೊಡುವ ರೂಢಿಯೂ ಇದೆ, ಆಫರ್ ಪತ್ರಕ್ಕೆ ಸಹಿ ಹಾಕುವ ಮೊದಲೇ ಅದನ್ನು ಕೇಳಬೇಕು. ಸರ್ಕಾರಿ ಕೆಲಸದಲ್ಲಿ ಆ ಅನುಕೂಲವಿಲ್ಲ, ಹಣ ನಮ್ಮ ಕೈಯದೇ.

ಆದರೆ ಪಿಎಸ್‌ಸಿ ದಾರಿಯಲ್ಲಿ ಬೇರೊಂದು ಬಾಗಿಲಿದೆ. ಹಾಜರಾಗುವ ಅವಧಿಯನ್ನು ವಿಸ್ತರಿಸಿ ಎಂದು ನೇಮಕಾತಿ ಅಧಿಕಾರಿಗೆ ಅರ್ಜಿ ಕೊಡಬಹುದು. ಅವರು ಒಪ್ಪಲೇಬೇಕೆಂದಿಲ್ಲ, ಆದರೂ ಗಡುವು ಮುಗಿಯುವ ಮೊದಲೇ ಅರ್ಜಿ ಅಲ್ಲಿರಬೇಕು. ಕಂಪನಿಗೆ ಕಳಿಸಿದ ವಿನಂತಿಯ ಪ್ರತಿಯನ್ನೂ ಅದಕ್ಕೆ ಲಗತ್ತಿಸಿದರೆ, ಈ ಕಡೆಯಿಂದ ಪ್ರಯತ್ನ ನಡೆದಿದೆ ಎಂದು ಆ ಕಚೇರಿಗೂ ಕಾಣುತ್ತದೆ. ಎರಡೂ ಕಡೆ ಒಟ್ಟಿಗೆ ಕೇಳುವುದು ಜಾಣತನ. ಹತ್ತು ದಿನ ಈಚೆ, ಹತ್ತು ದಿನ ಆಚೆ ಸಿಕ್ಕಿದರೂ ತೊಡಕು ಸಾಕಷ್ಟು ಸಡಿಲವಾಗುತ್ತದೆ.

ರಾಜೀನಾಮೆ ಕೊಡುವ ಸಮಯವನ್ನೂ ಇಲ್ಲಿ ಹೇಳಲೇಬೇಕು. ರ್‍ಯಾಂಕ್ ಪಟ್ಟಿಯಲ್ಲಿ ಹೆಸರು ಕಂಡ ಖುಷಿಯಲ್ಲಿ ಕೆಲಸ ಬಿಡಬಾರದು. ಪಟ್ಟಿ ನೇಮಕಾತಿಯಲ್ಲ, ಪಟ್ಟಿಯಲ್ಲಿದ್ದೂ ಸರದಿ ಬಾರದೆ ಅವಧಿ ಮುಗಿದವರು ನಮ್ಮ ನಡುವೆ ಇದ್ದಾರೆ. ಅಡ್ವೈಸ್ ಬಂದ ಮೇಲೆ ನೇಮಕಾತಿ ಆದೇಶಕ್ಕೆ ಮತ್ತಷ್ಟು ದಿನ ಹಿಡಿಯುತ್ತದೆ. ಅಡ್ವೈಸ್ ಬಂದಾಗ ಮ್ಯಾನೇಜರಿಗೆ ಬಾಯಿಮಾತಿನಲ್ಲಿ ಮುನ್ಸೂಚನೆ, ಆದೇಶ ಕೈಗೆ ಬಂದಾಗ ರಾಜೀನಾಮೆ ಮತ್ತು ವಿನಂತಿ. ನಡುವಿನ ವಾರಗಳಲ್ಲಿ ಕೆಲಸ ಒಪ್ಪಿಸುವ ಟಿಪ್ಪಣಿ ಬರೆದಿಟ್ಟುಕೊಂಡರೆ ನೋಟಿಸಿನ ಅರ್ಧ ಕೆಲಸ ಮೊದಲೇ ಆದಂತೆ.

> ಯುಎಇಯಲ್ಲಿದ್ದರೆ
>
> ಕಾಸರಗೋಡಿನ ಮನೆಮನೆಗೂ ಗಲ್ಫ್ ನಂಟಿದೆ. ಯುಎಇಯ ಈಗಿನ ಕಾರ್ಮಿಕ ಕಾನೂನಿನಲ್ಲಿ (2021ರ 33ನೇ ಸಂಖ್ಯೆಯದು) ನೋಟಿಸ್ 30 ದಿನಕ್ಕಿಂತ ಕಡಿಮೆಯಿರುವಂತಿಲ್ಲ, 90 ದಿನ ಮೀರುವಂತಿಲ್ಲ. ಇಬ್ಬರೂ ಒಪ್ಪಿದರೆ ಕಡಿಮೆ ಮಾಡಿಕೊಳ್ಳಬಹುದು. ನೋಟಿಸ್ ಪಾಲಿಸದವರು ಆ ದಿನಗಳ ಸಂಬಳಕ್ಕೆ ಸಮನಾದ ಹಣವನ್ನು ಇನ್ನೊಬ್ಬರಿಗೆ ಕೊಡಬೇಕು. ಅಲ್ಲಿಯೂ ಒಪ್ಪಿಗೆ ಬರಹದಲ್ಲೇ ಇರಲಿ.

ಕೈಗೆ ಬರಬೇಕಾದದ್ದು

ಬಿಡುಗಡೆ ಸಿಕ್ಕಿತೆಂದರೆ ಬರೀ ‘ಹೋಗಿ ಬನ್ನಿ’ ಎಂದಲ್ಲ. ಕೊನೆಯ ದಿನ ಸ್ಪಷ್ಟವಾಗಿ ಬರೆದ ರಿಲೀವಿಂಗ್ ಪತ್ರ, ಅನುಭವ ಪತ್ರ, ಅಂತಿಮ ಲೆಕ್ಕದ ಹಾಳೆ ಬೇಕು. ಭವಿಷ್ಯನಿಧಿ ಖಾತೆಯಲ್ಲಿ ಬಿಟ್ಟ ದಿನಾಂಕ ನಮೂದಾಗಬೇಕು. ಸಂಸ್ಥೆ ಅದನ್ನು ಹಾಕದಿದ್ದರೆ ಎರಡು ತಿಂಗಳ ಬಳಿಕ ನಾವೇ ಇಪಿಎಫ್‌ಒ ತಾಣದಲ್ಲಿ ಹಾಕಿಕೊಳ್ಳಬಹುದು. ಎಲ್ಲ ಕಡೆಯೂ ಒಂದೇ ತಾರೀಖಿರಬೇಕು. ಪತ್ರದಲ್ಲಿ ಮೇ 30, ಭವಿಷ್ಯನಿಧಿಯಲ್ಲಿ ಜುಲೈ 2 ಎಂದಿದ್ದರೆ, ಜೂನ್‌ನಲ್ಲಿ ಎರಡು ಕಡೆ ಕೆಲಸ ಮಾಡಿದಂತೆ ಕಾಣುತ್ತದೆ. ಸರ್ಕಾರಿ ನೌಕರಿಗೆ ಸೇರಿದವರಿಗೆ ಇದು ಚಿಕ್ಕ ವಿಷಯವಲ್ಲ.

ಬಾಕಿ ಸಂಬಳದ ವಿಚಾರದಲ್ಲಿ ಈಗ ಕಾನೂನಿನ ಬಲವೂ ಇದೆ. 2025ರ ನವೆಂಬರ್ 21ರಂದು ಜಾರಿಗೆ ಬಂದ ವೇತನ ಸಂಹಿತೆಯ 17ನೇ ಕಲಮಿನಂತೆ, ರಾಜೀನಾಮೆ ಕೊಟ್ಟು ಹೊರಟವರ ಸಂಬಳವನ್ನು ಎರಡು ಕೆಲಸದ ದಿನಗಳೊಳಗೆ ಕೊಡಬೇಕು. ತಿಂಗಳುಗಟ್ಟಲೆ ಎಳೆಯುತ್ತಿದ್ದ ರೂಢಿಗೆ ಈಗ ಕಾನೂನಿನ ಆಸರೆಯಿಲ್ಲ. ನೋಟಿಸ್ ಕೊರತೆಯ ಕಡಿತ ಎಷ್ಟೆಂದು ಮೊದಲೇ ಬರಹದಲ್ಲಿ ತೀರ್ಮಾನವಾಗಿದ್ದರೆ, ಉಳಿದ ಸಂಬಳ ಕೊಡಲು ತಡಮಾಡುವ ನೆಪವೂ ಉಳಿಯುವುದಿಲ್ಲ. ನಮ್ಮ ಪ್ರಸಂಗದ ಪತ್ರದಲ್ಲಿ ಇಪ್ಪತ್ತು ದಿನ, ಮೂಲ ವೇತನ ಎಂದು ಬರೆದ ಆ ಒಂದು ವಾಕ್ಯ ಬಿಡುಗಡೆಯನ್ನು ಕೇಳುತ್ತಲೇ ಕೊನೆಯ ಸಂಬಳವನ್ನೂ ಕಾಯುತ್ತದೆ.